ಆಲದ ಮರಕ್ಕೆ ಯಾಕೆ ಗೆರೆ ಎಳೆದೆ?

“ಅಪ್ಪನ ಬಗ್ಗೆ ಬರೆದ ನನ್ನ ಪ್ರಬಂಧ ವಾಪಸ್ ಬಂತು. ‘ಅಪ್ಪ ಆಲದ ಮರದಂತೆ ನಮಗೆ ನೆರಳಾಗಿದ್ದರು’ ಅನ್ನುವ ಸಾಲಿಗೆ ಗೆರೆ ಎಳೆದು ‘ಸವಕಲು’ ಎಂದು ಬರೆದಿದ್ದೀರಿ. ನನಗೆ ನಿಜವಾಗಿ ಅನಿಸಿದ್ದೇ ಅದು. ಹಾಗಾದರೆ ಹೋಲಿಕೆಯೇ ಇಲ್ಲದೆ ಬರೆಯಬೇಕೇ?”
– ಒಬ್ಬ ಓದುಗರು

ಬೇಡ, ಹೋಲಿಕೆ ಇರಲಿ. ನಿಮಗೆ ಅನಿಸಿದ್ದು ಸುಳ್ಳು ಅಂತಲೂ ನಾನು ಹೇಳಲಿಲ್ಲ. ಆದರೆ ಆ ಸಾಲಿನಲ್ಲಿ ನಿಮ್ಮ ಅಪ್ಪ ಕಾಣುವುದಿಲ್ಲ, ಯಾರ ಅಪ್ಪ ಬೇಕಾದರೂ ಅಲ್ಲಿ ನಿಲ್ಲಬಹುದು.

ಶಾಲೆಯಲ್ಲಿ ಉಪಮಾಲಂಕಾರ ಕಲಿತಾಗ ಸಮಾನಧರ್ಮ ಅಂತ ಒಂದು ಇತ್ತು, ನೆನಪಿದೆಯಾ? ಎರಡು ವಸ್ತುಗಳಲ್ಲೂ ಇರುವ ಒಂದೇ ಗುಣ. ಪರೀಕ್ಷೆ ಮುಗಿದ ಮೇಲೆ ಅದನ್ನು ಎಲ್ಲರೂ ಮರೆಯುತ್ತಾರೆ. ಬರೆಯುವವರಿಗೆ ಜಾಸ್ತಿ ಬೇಕಾಗುವುದು ಅದೇ. ನೆರಳು ಅಂದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಉತ್ತರ ನಿಮ್ಮ ಎರಡನೇ ಪುಟದಲ್ಲೇ ಸಿಕ್ಕಿತು. ಸಾಲ ಇದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಪ್ಪ ಹೇಳಿರಲಿಲ್ಲ. ಅಂದರೆ ನೀವು ಹೇಳಹೊರಟಿದ್ದು ನೆರಳಿನ ವಿಷಯ ಅಲ್ಲ, ಮುಚ್ಚಿಟ್ಟ ಕಷ್ಟದ ವಿಷಯ.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು ಎಂದೂ ಬರೆದಿದ್ದೀರಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಆ ಚಿತ್ರ ಚೆನ್ನಾಗಿದೆ. ಹೋಲಿಕೆಗೆ ಮರದವರೆಗೆ ಯಾಕೆ ಹೋದಿರಿ? ಮೇಜಿನ ಮೇಲೇ ಇತ್ತಲ್ವಾ! ಹೀಗೆ ಬರೆದು ನೋಡಿ: ‘ಅಪ್ಪ ನಮಗೆ ಮುಳ್ಳುಗಳನ್ನಷ್ಟೇ ತೋರಿಸಿದರು. ಚಕ್ರಗಳು ಡಯಲ್‌ನ ಹಿಂದೆಯೇ ಉಳಿದವು.’ ಇದು ನನ್ನ ಸಾಲು, ನಿಮ್ಮದು ಇದಕ್ಕಿಂತ ಚೆನ್ನಾಗಿರುತ್ತದೆ.

ಇಲ್ಲೊಂದು ತಮಾಷೆ ಇದೆ. ಗಡಿಯಾರದ ‘ಮುಳ್ಳು’ ಕೂಡ ಒಂದು ಕಾಲದಲ್ಲಿ ಹೋಲಿಕೆಯೇ. ಈಗ ಅದನ್ನು ಓದಿ ಯಾರೂ ಗಿಡದ ಮುಳ್ಳನ್ನು ನೆನೆಯುವುದಿಲ್ಲ. ಹಾಗೆ ಪೂರ್ತಿ ಸತ್ತ ಹೋಲಿಕೆಗಳಿಂದ ತೊಂದರೆಯಿಲ್ಲ, ಅವು ಸುಮ್ನೆ ಪದಗಳಾಗಿವೆ. ಕಾಟ ಕೊಡುವುದು ಆಲದ ಮರದಂಥ ಅರೆಜೀವದವು. ಆದರೂ ಹುಷಾರಾಗಿರಿ. ಅದೇ ಪ್ಯಾರಾದಲ್ಲಿ ‘ಆ ಮಾತು ಮನಸ್ಸಿಗೆ ಚುಚ್ಚಿತು’ ಎಂದು ಬರೆದರೆ ಮಲಗಿದ್ದ ಮುಳ್ಳು ಎದ್ದು ಕೂರುತ್ತದೆ, ಓದುವವರಿಗೆ ನಗು ಬರುತ್ತದೆ.

ಗಡಿಯಾರ ಸಿಕ್ಕಿತು ಅಂತ ಅದನ್ನೇ ಎಳೆಯಲೂ ಬೇಡಿ. ಅಪ್ಪ ಹೋದ ದಿನ ‘ಗಡಿಯಾರ ನಿಂತಿತು’ ಎಂದು ಬರೆಯುವ ಆಸೆ ಖಂಡಿತ ಬರುತ್ತದೆ. ಅದು ಆಲದ ಮರಕ್ಕಿಂತ ಸವಕಲು. ಕಸುಬಿನಿಂದ ತೆಗೆದ ಹೋಲಿಕೆ ತಾನಾಗಿ ಹೊಸದಾಗಿರುವುದಿಲ್ಲ. ಆ ಕಸುಬು ಮಾಡುವವರಿಗೆ, ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅದರಲ್ಲಿರಬೇಕು. ಗಡಿಯಾರ ನಿಲ್ಲುವುದು ಎಲ್ಲರಿಗೂ ಗೊತ್ತು. ಬಿಚ್ಚಿಟ್ಟ ಸಣ್ಣ ಸ್ಕ್ರೂಗಳನ್ನು ಅಪ್ಪ ಯಾವ ಸಾಲಿನಲ್ಲಿ ಜೋಡಿಸುತ್ತಿದ್ದರು ಅನ್ನುವುದು ನಿಮಗೊಬ್ಬರಿಗೇ ಗೊತ್ತು.

ಇನ್ನು ನಾಲ್ಕನೇ ಪುಟದ ‘ಸಿಡಿಲು ಬಡಿದಂತಾಯಿತು’. ಅದರ ಮುಂದಿನ ಸಾಲಿನಲ್ಲಿ ನೀವು ಫೋನ್ ಇಟ್ಟು, ಅರ್ಧ ಒಗೆದಿದ್ದ ಬಟ್ಟೆಯನ್ನು ಪೂರ್ತಿ ಒಗೆದು, ಹಿಂಡಿ, ಹರವಿ ಬಂದಿದ್ದೀರಿ. ಅಲ್ಲಿ ಹೊಸ ಹೋಲಿಕೆ ಹುಡುಕಬೇಡಿ. ಸಿಡಿಲನ್ನು ತೆಗೆದು ಬಟ್ಟೆಯಿಂದಲೇ ಪ್ಯಾರಾ ಶುರು ಮಾಡಿ, ಪ್ರಬಂಧವನ್ನು ಇನ್ನೊಮ್ಮೆ ಕಳಿಸಿ.

– ಸಂಪಾದಕ