ನೆರಿಗೆ ಬಂದದ್ದು ಚೆಂದಕ್ಕಲ್ಲ

> "ಮಗಳ ಪಿನಾಫೋರ್‌ಗೆ ಇಷ್ಟೊಂದು ನೆರಿಗೆ ಯಾಕೆ? ಇಸ್ತ್ರಿ ಮಾಡಿ ಸಾಕಾಗಿದೆ. ಮೇಲೆ ಟೈ ಬೇರೆ!"

ಓಡಾಟಕ್ಕೆ ಅಂತ ಇಟ್ಟ ನೆರಿಗೆ ಅದು. 1885ರಲ್ಲಿ ಸ್ವೀಡನ್ನಿನ ಮಾರ್ಟಿನಾ ಬರ್ಗ್‌ಮನ್ ಆಸ್ಟರ್‌ಬರ್ಗ್ ಅವರು ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗಾಗಿ ವ್ಯಾಯಾಮ ಶಿಕ್ಷಣದ ಕಾಲೇಜು ತೆರೆದರು. ಸೊಂಟ ಬಿಗಿಯುವ ಕಾರ್ಸೆಟ್, ನೆಲ ಗುಡಿಸುವ ಲಂಗ ತೊಟ್ಟು ಹಗ್ಗ ಹತ್ತೋದು ಹೇಗೆ? ಅಲ್ಲಿಯ ವಿದ್ಯಾರ್ಥಿನಿ ಮೇರಿ ಟೇಟ್ 1890ರ ದಶಕದಲ್ಲಿ ಜಿಮ್‌ಸ್ಲಿಪ್ ರೂಪಿಸಿದರು ಎನ್ನುತ್ತಾರೆ. ತೋಳಿಲ್ಲದ ಅಂಗಿ, ಭಾರವೆಲ್ಲ ಹೆಗಲ ಮೇಲೆ, ಎದೆಪಟ್ಟಿಯಿಂದ ಇಳಿಬಿದ್ದ ಅಗಲ ನೆರಿಗೆಗಳು. ಸುಮ್ನೆ ನಿಂತಾಗ ಬಟ್ಟೆ ಮಡಿಚಿಕೊಂಡೇ ಇರುತ್ತದೆ, ಕಾಲು ಚಾಚಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಬ್ರಿಟನ್ನಿನ ಹುಡುಗಿಯರ ಶಾಲೆಗಳು ಇದನ್ನೇ ದಿನದ ಯೂನಿಫಾರ್ಮ್ ಮಾಡಿಕೊಂಡವು. ನಮ್ಮ ಕಾನ್ವೆಂಟ್‌ಗಳಲ್ಲಿ ಕಾಣುವುದು ಅದೇ ವಂಶದ ಉಡುಪು.

ಟೈ ಬಂದದ್ದು ಗಂಡುಮಕ್ಕಳ ಶಾಲೆಗಳಿಂದ. ಬಣ್ಣದ ಪಟ್ಟೆ ನೋಡಿದರೆ ಯಾವ ಶಾಲೆ ಅಂತ ಗೊತ್ತಾಗಬೇಕು, ಅಷ್ಟೇ ಅದರ ಕೆಲಸ. ಹುಡುಗಿಯರ ಕೊರಳಿಗೂ ಅದು ಬಂದಾಗ "ನಾವೂ ಅದೇ ಓದು ಓದುತ್ತೇವೆ" ಅನ್ನುವ ಮಾತೂ ಅದರಲ್ಲಿತ್ತು ಅಂತ ನನಗನ್ನಿಸುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಡವೇ ಬೇಡ, ಪೋಷಕರ ಸಭೆಯಲ್ಲಿ ಧೈರ್ಯವಾಗಿ ಕೇಳಿ.

ಇನ್ನು ಇಸ್ತ್ರಿ. ಒಗೆಯುವ ಮುಂಚೆ ನೆರಿಗೆಯ ತುದಿಗಳನ್ನು ಉದ್ದ ಹೊಲಿಗೆ ಹಾಕಿ ಹಿಡಿಸಿ, ಒಣಗಿ ಇಸ್ತ್ರಿ ಆದಮೇಲೆ ಬಿಚ್ಚಿ. ಮಗಳು ನೆಟ್ಟಗೆ ನಿಂತಾಗಲೂ ನೆರಿಗೆ ಬಾಯಿ ಬಿಟ್ಟಿದ್ದರೆ ಸೊಂಟ ಬಿಗಿಯಾಗಿದೆ ಅಂತಲೇ ಅರ್ಥ, ಎಷ್ಟು ಇಸ್ತ್ರಿ ಮಾಡಿದರೂ ಕೂರುವುದಿಲ್ಲ. ಪಕ್ಕದ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿ.