ಟೈರಿನ ನಾಲ್ಕು ಅಂಕಿ ಓದುವುದಲ್ಲ, ಅದರ ಸುತ್ತಲಿನ ರಬ್ಬರ್ ನೋಡಬೇಕು

“ನನ್ನ ಹಳೆಯ ಕಾರಿಗೆ ನಾಲ್ಕು ಸೆಕೆಂಡ್ ಹ್ಯಾಂಡ್ ಟೈರ್ ನೋಡಿದ್ದೇನೆ. ಮಾರುವವರು ವಾಟ್ಸ್‌ಆ್ಯಪ್‌ನಲ್ಲಿ ಮೂರು ಫೋಟೊ ಕಳಿಸಿದ್ದಾರೆ. ಕೋಡ್ 1523 ಎಂದಿದೆ, ಗ್ರಿಪ್ ಕೂಡ ಚೆನ್ನಾಗಿ ಕಾಣುತ್ತಿದೆ. ತೆಗೆದುಕೊಳ್ಳಬಹುದೇ ಸರ್?” (ರಾಜಾಜಿನಗರದ ಓದುಗರು)

ತೆಗೆದುಕೊಳ್ಳಬೇಡಿ. ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

1523 ಎಂದರೆ ಟೈರ್ ತಯಾರಾದದ್ದು 2023ನೇ ಇಸವಿಯ ಹದಿನೈದನೇ ವಾರ, ಅಂದರೆ ಏಪ್ರಿಲ್ ಮಧ್ಯಭಾಗ ಎಂಬುದು ಈಗ ಎಲ್ಲರಿಗೂ ಗೊತ್ತು. ಹಳೆಯ ಟೈರನ್ನು ಹೊಸದೆಂದು ಮಾರುವವರಿಗೂ ಅದು ಅಷ್ಟೇ ಚೆನ್ನಾಗಿ ಗೊತ್ತು. ವಾರಕ್ಕೆ ಹತ್ತಾರು ಮಂದಿ ನನಗೆ ಈ ನಾಲ್ಕು ಅಂಕಿಗಳ ಫೋಟೊ ಮಾತ್ರ ಕಳಿಸಿ ‘ಸರಿಯಿದೆಯೇ’ ಎಂದು ಕೇಳುತ್ತಾರೆ. ಅಂಕಿ ಏನೆಂದು ಓದಿ ಹೇಳುವುದಕ್ಕೆ ನಾನು ಬೇಕಿಲ್ಲ. ಆ ಅಂಕಿ ಕಾರ್ಖಾನೆಯ ಅಚ್ಚಿನಲ್ಲಿ ಮೂಡಿದ್ದೋ, ಅಂಗಡಿಯ ಹಿಂಭಾಗದಲ್ಲಿ ಸುಟ್ಟು ಬರೆದದ್ದೋ ಎಂಬುದೇ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಅಂಕಿಯಲ್ಲಿ ಇರುವುದಿಲ್ಲ, ಅದರ ಅಕ್ಕಪಕ್ಕದ ರಬ್ಬರಿನಲ್ಲಿ ಇರುತ್ತದೆ.

ಟೈರ್ ಬೇಯುವ ಲೋಹದ ಅಚ್ಚನ್ನು ಕಾರ್ಖಾನೆಯವರು ವರ್ಷಗಟ್ಟಲೆ ಬಳಸುತ್ತಾರೆ. ಕಂಪನಿಯ ಹೆಸರು, ಅಳತೆ, ಕಾರ್ಖಾನೆಯ ಗುರುತು ಎಲ್ಲವೂ ಅದರಲ್ಲಿ ಶಾಶ್ವತವಾಗಿ ಕೊರೆದಿರುತ್ತವೆ. ಬದಲಾಗುವುದು ವಾರ ಮತ್ತು ವರ್ಷ ಮಾತ್ರ, ಆದ್ದರಿಂದ ಆ ನಾಲ್ಕು ಅಂಕಿಗಳಿಗೆಂದು ಬೇರೆಯೇ ಒಂದು ಸಣ್ಣ ಲೋಹದ ಬಿಲ್ಲೆ ಇರುತ್ತದೆ, ಅದನ್ನು ಕಳಚಿ ಇನ್ನೊಂದನ್ನು ಹಾಕುತ್ತಾರೆ. ಆ ಬಿಲ್ಲೆಯ ಅಂಚು ರಬ್ಬರಿನ ಮೇಲೆ ತೆಳುವಾದ ಚೌಕಟ್ಟಿನಂತೆ ಉಳಿಯುತ್ತದೆ. ಕೆಲವು ಕಾರ್ಖಾನೆಗಳು ಬಿಲ್ಲೆಯ ಬದಲು ಲೇಸರಿನಿಂದ ತಾರೀಖು ಕೊರೆಯುತ್ತವೆ, ಅಲ್ಲಿ ಅಂಕಿ ಒಳಕ್ಕೆ ತಗ್ಗಿರುತ್ತದೆ. ಆದ್ದರಿಂದ ‘ಅಂಕಿ ಉಬ್ಬಿದ್ದರೆ ಅಸಲಿ, ತಗ್ಗಿದ್ದರೆ ನಕಲಿ’ ಎಂದು ಕೆಲವು ಮೆಕ್ಯಾನಿಕ್‌ಗಳು ಹೇಳಿಕೊಡುವ ಸೂತ್ರವನ್ನು ದಯವಿಟ್ಟು ಮರೆತುಬಿಡಿ. ಅದನ್ನು ನಂಬಿ ಒಳ್ಳೆಯ ಟೈರನ್ನು ಬಿಟ್ಟುಬಂದವರನ್ನೂ ನಾನು ನೋಡಿದ್ದೇನೆ. ಲೇಸರಿನ ಗೆರೆ ಸಣ್ಣಗಿರುತ್ತದೆ, ಆಳ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಅಂಚು ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ.

ಈಗ ನಿಮ್ಮ ಮೊದಲನೆಯ ಫೋಟೊಗೆ ಬನ್ನಿ. ಟೈರಿನ ಪಕ್ಕದ ಮೈಮೇಲೆ ಕುಂಬಾರನ ಮಡಕೆಯ ಮೇಲಿರುವಂಥ ಸಣ್ಣ ಸುತ್ತುಗೆರೆಗಳಿವೆ. ಆ ಗೆರೆಗಳು ಕೋಡ್ ಶುರುವಾಗುವ DOT ಅಕ್ಷರಗಳ ಕೆಳಗೆ ಹಾದು, ಕಾರ್ಖಾನೆಯ ಗುರುತಿನ ಕೆಳಗೂ ಹಾದು, 1523ರ ಹತ್ತಿರ ಬರುತ್ತಿದ್ದಂತೆ ಮಾಯವಾಗುತ್ತವೆ. ಎರಡು ಬೆರಳಗಲದಷ್ಟು ಜಾಗ ನುಣುಪಾಗಿ ಹೊಳೆಯುತ್ತದೆ, ಅದು ದಾಟಿದ ಮೇಲೆ ಗೆರೆಗಳು ಮತ್ತೆ ಶುರುವಾಗುತ್ತವೆ. ಅಲ್ಲಿ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ. ಬಿಲ್ಲೆಯ ಚೌಕಟ್ಟಿನ ಎಡಗಡೆಯ ಒಂದು ಮೂಲೆ ಮಾತ್ರ ಅಳಿಯದೆ ಉಳಿದಿದೆ. ಇನ್ನು ಅಂಕಿಗಳನ್ನೇ ನೋಡಿ: 5ರ ಹೊಟ್ಟೆ ದಪ್ಪವಾಗಿದೆ, ತಲೆ ತೆಳ್ಳಗಿದೆ, ಗೆರೆಯ ಇಬ್ಬದಿಯಲ್ಲೂ ಕರಗಿದ ರಬ್ಬರ್ ದಡದಂತೆ ಎದ್ದು ನಿಂತಿದೆ. ಕಾಯಿಸಿದ ಕಬ್ಬಿಣದಿಂದ ಬರೆದರೆ ಮಾತ್ರ ಹೀಗಾಗುತ್ತದೆ. ಅಕ್ಷರಗಳೆಲ್ಲ ಟೈರಿನ ದುಂಡಿಗೆ ಬಾಗಿ ಸಾಲಾಗಿರುವಾಗ ಕೊನೆಯ 3 ಮಾತ್ರ ಸಾಲು ಬಿಟ್ಟು ಮೇಲಕ್ಕೆ ಹೋಗಿದೆ. ಇಷ್ಟರ ಮೇಲೆ ದಪ್ಪಗೆ ಪಾಲಿಶ್ ಹಚ್ಚಿರುವುದರಿಂದ ಮೊಬೈಲಿನ ಸಣ್ಣ ಪರದೆಯಲ್ಲಿ ಎಲ್ಲವೂ ಕಪ್ಪಾಗಿ, ಹೊಸದಾಗಿ ಕಾಣುತ್ತದೆ.

ಎರಡನೆಯ ಫೋಟೊ ಇನ್ನೂ ಮುಖ್ಯ, ಏಕೆಂದರೆ ನಿಮ್ಮ ಜೀವಕ್ಕೆ ಅಪಾಯ ಇರುವುದು ಅಲ್ಲಿ. ಟೈರಿನ ಭುಜದ ಮೇಲೆ ಒಂದು ಸಣ್ಣ ತ್ರಿಕೋನ ಅಥವಾ TWI ಎಂಬ ಅಕ್ಷರಗಳಿರುತ್ತವೆ. ಅದರ ನೇರಕ್ಕೆ ಗ್ರೂವಿನೊಳಗೆ ಇಣುಕಿದರೆ ತಳದಲ್ಲಿ ರಬ್ಬರಿನ ಒಂದು ಪುಟ್ಟ ಅಡ್ಡಕಟ್ಟೆ ಕಾಣಬೇಕು. ಕಾರಿನ ಟೈರಿನಲ್ಲಿ ಅದರ ಎತ್ತರ 1.6 ಮಿಲಿಮೀಟರ್, ಟೈರ್ ಸವೆದು ಆ ಕಟ್ಟೆಯ ಮಟ್ಟಕ್ಕೆ ಬಂದರೆ ಅದರ ಕೆಲಸ ಮುಗಿಯಿತು. ನಿಮ್ಮ ಫೋಟೊದಲ್ಲಿ ತ್ರಿಕೋನ ಇದೆ, ಅಡ್ಡಕಟ್ಟೆ ಇಲ್ಲ. ಗ್ರೂವ್ ಎಲ್ಲಿಯೂ ತಡೆಯಿಲ್ಲದೆ ಸಾಗಿದೆ, ಅದರ ತಳದಲ್ಲಿ ಚಾಕು ಹಿಡಿದ ಕೈ ನಿಂತು ನಿಂತು ಮುಂದಕ್ಕೆ ಹೋದ ಅಲೆಗಳಿವೆ. ಹೊಸ ಟೈರಿನ ಉಬ್ಬುಗಳ ಮೇಲೆ ಬ್ಲೇಡಿನಿಂದ ಸೀಳಿದಂತಿರುವ ತೆಳುವಾದ ಸೀಳುಗಳೂ ಇಲ್ಲಿಲ್ಲ. ಅಂದರೆ ಈ ಟೈರ್ ಪೂರ್ತಿ ಸವೆದು ಬೋಳಾದ ಮೇಲೆ ಬಿಸಿ ಬ್ಲೇಡಿನಿಂದ ದೊಡ್ಡ ಗ್ರೂವ್‌ಗಳನ್ನು ಮಾತ್ರ ಮತ್ತೆ ಕೊರೆದಿದ್ದಾರೆ. ಸಣ್ಣ ಸೀಳುಗಳನ್ನು ಕೊರೆಯುವ ತಾಳ್ಮೆ ಈ ಕೆಲಸ ಮಾಡುವವರಿಗೆ ಇರುವುದಿಲ್ಲ.

‘ಗ್ರಿಪ್ ಬಂತಲ್ಲ, ಮತ್ತೇನು’ ಎಂದು ಕೇಳುವವರಿಗೆ ಹೇಳುತ್ತೇನೆ. ಗ್ರೂವಿನ ತಳಕ್ಕೂ ಒಳಗಿನ ಉಕ್ಕಿನ ತಂತಿಗಳಿಗೂ ನಡುವೆ ಕಾರಿನ ಟೈರಿನಲ್ಲಿ ಕೆಲವೇ ಮಿಲಿಮೀಟರ್ ರಬ್ಬರ್ ಇರುತ್ತದೆ, ಕೊರೆಯುವವನು ತಿನ್ನುವುದು ಅದನ್ನೇ. ತಂತಿಯ ತನಕ ನೀರು ಇಳಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿಯಿಂದ ರಬ್ಬರ್ ಬಿಡುತ್ತದೆ, ವೇಗದಲ್ಲಿ ಹೋಗುವಾಗ ಮೇಲಿನ ಪದರ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಹೊಸೂರು ರಸ್ತೆಯಲ್ಲಿ ಹಾಗೆ ಕಳಚಿದ ಒಂದು ಟೈರನ್ನು ನನ್ನ ಮೇಜಿನ ಮೇಲೆ ತಂದು ಇಟ್ಟಿದ್ದರು. ಗ್ರೂವಿನ ಉದ್ದಕ್ಕೂ ಕಂದು ಬಣ್ಣದ ಗೆರೆ ಎಳೆದಂತೆ ತುಕ್ಕು ಕೂತಿತ್ತು, ಅದರ ಪಕ್ಕದಲ್ಲಿ ಸುಟ್ಟು ಬರೆದ ತಾರೀಖೂ ಇತ್ತು. ಅದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ಮೃದುವಾಗಿ ಮಾತಾಡಲು ಆಗುವುದಿಲ್ಲ. ಲಾರಿ, ಬಸ್ಸಿನ ಕೆಲವು ಟೈರ್‌ಗಳಲ್ಲಿ ಮತ್ತೆ ಕೊರೆಯಲೆಂದೇ ಹೆಚ್ಚು ರಬ್ಬರ್ ಇಟ್ಟು, ಪಕ್ಕದಲ್ಲಿ REGROOVABLE ಎಂದು ಅಚ್ಚು ಹಾಕಿರುತ್ತಾರೆ. ಆ ಪದ್ಧತಿಯನ್ನು ತೋರಿಸಿ ಕಾರಿನ ಟೈರ್ ಮಾರುವವರನ್ನು ನಂಬಬೇಡಿ.

ಮೂರನೆಯ ಫೋಟೊದಲ್ಲಿರುವ ಐಎಸ್‌ಐ ಗುರುತು ನಿಜವಾದದ್ದೇ ಇರಬಹುದು, ಏಕೆಂದರೆ ಟೈರ್ ಹುಟ್ಟಿದ್ದು ಅಸಲಿ ಕಾರ್ಖಾನೆಯಲ್ಲೇ. ಕಾರಿನ ಟೈರಿಗೆ ಆ ಗುರುತಿನ ಜೊತೆ IS 15633 ಎಂದಿರಬೇಕು, CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದೆಂದು ತೋರಿಸುತ್ತದೆ. ಅದು ಟೈರಿನ ಮೇಲಿನ ಹೆಸರಿಗೆ ಹೊಂದದಿದ್ದರೆ ಟೈರನ್ನು ಮುಟ್ಟಬೇಡಿ. ಹೊಂದಿತು ಎಂದ ಮಾತ್ರಕ್ಕೆ ನಿಶ್ಚಿಂತರಾಗಲೂ ಬೇಡಿ, ಸಂಖ್ಯೆಯನ್ನು ನಕಲು ಮಾಡುವುದು ಕಷ್ಟವಲ್ಲ, ಸವೆತವನ್ನಂತೂ ಅದು ಹೇಳುವುದೇ ಇಲ್ಲ.

ಮುಂದೆ ಯಾರ ಬಳಿ ಫೋಟೊ ಕೇಳಿದರೂ ಹೀಗೆ ಕೇಳಿ. ಒದ್ದೆ ಬಟ್ಟೆಯಿಂದ ಪಾಲಿಶ್ ಒರೆಸಿ, DOT ಅಕ್ಷರದಿಂದ ಕೊನೆಯ ಅಂಕಿಯ ತನಕ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯಲಿ. ಫ್ಲ್ಯಾಶ್ ಬೇಡ, ಮೊಬೈಲ್ ಟಾರ್ಚನ್ನು ಟೈರಿನ ಪಕ್ಕದಿಂದ ಓರೆಯಾಗಿ ಹಿಡಿಯಲಿ, ಆಗ ಉಜ್ಜಿದ ತಗ್ಗು ನೆರಳಾಗಿ ಎದ್ದು ಕಾಣುತ್ತದೆ. ತ್ರಿಕೋನ ಮತ್ತು ಅದರ ನೇರದ ಗ್ರೂವ್ ಎರಡೂ ಇರುವ ಇನ್ನೊಂದು ಚಿತ್ರ ಬೇಕು. ನಾಲ್ಕೂ ಟೈರಿಗೆ ಬೇರೆ ಬೇರೆಯಾಗಿ ತೆಗೆಯಬೇಕು, ಒಂದು ಒಳ್ಳೆಯ ಟೈರನ್ನೇ ನಾಲ್ಕು ಸಲ ತೋರಿಸುವುದು ಮಾಮೂಲಿ. ಪಾಲಿಶ್ ಒರೆಸಲು ಒಪ್ಪದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಇಷ್ಟಾದರೂ ಟೈರಿನ ಒಳಮೈ ಫೋಟೊದಲ್ಲಿ ಕಾಣುವುದಿಲ್ಲ. ರಿಮ್ಮಿನಿಂದ ಬಿಚ್ಚಿ ಒಳಗೆ ಪ್ಯಾಚ್, ಸುಕ್ಕು, ಗಾಳಿಯಿಲ್ಲದೆ ಓಡಿ ರಬ್ಬರ್ ಪುಡಿ ಉದುರಿದ ಗುರುತು ಇದೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಿ.

“ರೀಟ್ರೆಡ್ ಮಾಡಿದ ಟೈರನ್ನು ಫೋಟೊದಲ್ಲಿ ಕಂಡುಹಿಡಿಯಬಹುದೇ?” (ಯಲಹಂಕದ ಓದುಗರು)

ಬಹಳ ಸಲ ಸಾಧ್ಯ. ಹಳೆಯ ಮೈಗೆ ಹೊಸ ಪಟ್ಟಿ ಅಂಟಿಸಿದ ಕಡೆ, ಅಂದರೆ ಟೈರಿನ ಭುಜದಲ್ಲಿ, ಸುತ್ತಲೂ ಒಂದು ಸೇರುಗೆರೆ ಇರುತ್ತದೆ, ಅದರ ಕೆಳಗೆ ತರಿತರಿಯಾಗಿ ಉಜ್ಜಿದ ಗುರುತು ಉಳಿದಿರುತ್ತದೆ. ಪಟ್ಟಿಯ ಎರಡು ತುದಿ ಕೂಡುವಲ್ಲಿ ಟೈರಿಗೆ ಅಡ್ಡವಾಗಿ ಒಂದು ಕೂಡುಗೆರೆಯೂ ಕಾಣಬಹುದು. ಮೇಲ್ಮೈ ಹೊಳೆಯುತ್ತಿದ್ದು ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳಿದ್ದರೆ ಎರಡಕ್ಕೂ ಒಂದೇ ವಯಸ್ಸಲ್ಲ ಎಂದು ತಿಳಿಯಿರಿ. ಪಕ್ಕದಲ್ಲಿ ಬರೆದಿರುವ ಮಾದರಿಯ ಹೆಸರನ್ನು ಆ ಕಂಪನಿಯ ಜಾಲತಾಣದಲ್ಲಿ ಹುಡುಕಿ, ಅಲ್ಲಿನ ಚಿತ್ರದಲ್ಲಿರುವ ಗ್ರೂವ್ ವಿನ್ಯಾಸವೂ ನಿಮ್ಮ ಕೈಯಲ್ಲಿರುವುದೂ ಬೇರೆಯಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಲಾರಿ ಟೈರಿಗೆ ರೀಟ್ರೆಡ್ ಮಾಡಿಸುವುದು ನ್ಯಾಯವಾದ ಉದ್ಯೋಗ, ಅದನ್ನು ನಾನು ಬೈಯುವುದಿಲ್ಲ. ರೀಟ್ರೆಡ್ ಎಂದು ಹೇಳದೆ ಮಾರುವುದು ಮೋಸ. ನನ್ನ ಮನೆಯವರು ಕೂರುವ ಕಾರಿಗೆ ನಾನು ಅದನ್ನು ಹಾಕಿಸುವುದಿಲ್ಲ.

“ಹೊಸ ಟೈರಿನ ಹೊರಗಡೆ DOT ಇದೆ, ಕೊನೆಯ ನಾಲ್ಕು ಅಂಕಿ ಇಲ್ಲ. ನಕಲಿಯೇ?” (ಬನಶಂಕರಿಯ ಓದುಗರು)

ಅಲ್ಲ. ಪೂರ್ತಿ ಕೋಡ್ ಒಂದೇ ಪಕ್ಕದಲ್ಲಿದ್ದರೆ ಸಾಕೆಂಬುದು ಪದ್ಧತಿ, ಕಾರಿನ ಕೆಳಗೆ ಬಗ್ಗಿ ಒಳಪಕ್ಕ ನೋಡಿ. ಅಲ್ಲೂ ಇಲ್ಲದಿದ್ದರೆ, ಅಥವಾ ಇರಬೇಕಾದ ಜಾಗ ನುಣುಪಾಗಿದ್ದರೆ, ಆಗ ಹಿಂದಿರುಗಿಸಿ.

“ಕೋಡ್‌ನಲ್ಲಿ ಮೂರೇ ಅಂಕಿ ಇವೆ: 408.” (ಮಾಗಡಿ ರಸ್ತೆಯ ಓದುಗರು)

ಅದು 2000ಕ್ಕಿಂತ ಹಿಂದಿನ ಟೈರ್. ಇವತ್ತೇ ಬಿಚ್ಚಿಸಿ.

“ರಬ್ಬರಿನ ಕೂದಲು ಹಾಗೇ ಇವೆ. ಹಾಗಾದರೆ ಹೊಸ ಟೈರ್ ತಾನೇ?” (ಹೆಬ್ಬಾಳದ ಓದುಗರು)

ಓಡಿಲ್ಲ ಎಂದಷ್ಟೇ ಅರ್ಥ. ಗೋದಾಮಿನಲ್ಲಿ ಎಂಟು ವರ್ಷ ಕೊಳೆತ ಟೈರಿಗೂ ಕೂದಲು ಇರುತ್ತದೆ.

“ಸ್ಟೆಪ್ನಿ ಒಂದು ದಿನವೂ ಓಡಿಲ್ಲ, ಕೋಡ್ 2213. ಮುಂದಿನ ಚಕ್ರಕ್ಕೆ ಹಾಕಿಕೊಳ್ಳಬಹುದೇ?” (ವಿಜಯನಗರದ ಓದುಗರು)

ಬೇಡ. ರಬ್ಬರ್ ಓಡದಿದ್ದರೂ ಗಟ್ಟಿಯಾಗುತ್ತದೆ. ಹಲವು ಟೈರ್ ತಯಾರಕರೇ ಹೇಳುವ ಗರಿಷ್ಠ ಮಿತಿ ತಯಾರಾದ ದಿನದಿಂದ ಹತ್ತು ವರ್ಷ, ಬಳಕೆಗೆ ಬಂದು ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಪಾಸಣೆ. ನಿಮ್ಮದು ಆ ಮಿತಿಯನ್ನೂ ದಾಟಿದೆ.

“ಪಕ್ಕದ ಬಿರುಕಿಗೆ ಸೀಮೆಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎಂದು ಪಂಕ್ಚರ್ ಅಂಗಡಿಯವರು ಹೇಳಿದರು.” (ಕೆಂಗೇರಿಯ ಓದುಗರು)

ಸೀಮೆಎಣ್ಣೆ ಕುಡಿದ ರಬ್ಬರ್ ಊದಿಕೊಂಡು ಬಿರುಕಿನ ಬಾಯಿ ಮುಚ್ಚಿದಂತೆ ಕಾಣುತ್ತದೆ, ಒಳಗೆ ಇನ್ನಷ್ಟು ಮೆತ್ತಗಾಗಿ ಹಾಳಾಗುತ್ತದೆ. ಹಳೆಯ ಟೈರ್ ಮಾರುವವರು ಫೋಟೊ ತೆಗೆಯುವ ಹಿಂದಿನ ದಿನ ಮಾಡುವ ಕೆಲಸವೂ ಇದೇ. ಟೈರಿಗೆ ಮೂಗು ಹತ್ತಿರ ತಂದು ನೋಡಿ, ಸೀಮೆಎಣ್ಣೆಯ ವಾಸನೆ ಬಂದರೆ ಆ ಅಂಗಡಿಯಲ್ಲಿ ಇನ್ನೊಂದು ಟೈರನ್ನೂ ನೋಡಬೇಡಿ.