ಸಿಒಡಿ ಮತ್ತು ಉಪ್ಪು: ಒಂದೇ ನೀರಿಗೆ 286 ಮತ್ತು 149 ಬರುವುದು ಹೇಗೆ

«ನಮ್ಮದು ಶ್ರೀರಂಗಪಟ್ಟಣದ ಹತ್ರ ಸಣ್ಣ ಪನೀರ್-ತುಪ್ಪದ ಘಟಕ. ಔಟ್‌ಲೆಟ್ ನೀರನ್ನ ನಾವೇ ಪರೀಕ್ಷೆ ಮಾಡಿದ್ರೆ ಸಿಒಡಿ 286 ಬರ್ತಿದೆ. ಹೊರಗಿನ ಲ್ಯಾಬ್‌ನವರು 150ರ ಹತ್ತಿರ ಕೊಟ್ರು. ಮರ್ಕ್ಯುರಿಕ್ ಸಲ್ಫೇಟ್ ದುಬಾರಿ, ವಿಷ ಬೇರೆ. ಅದಕ್ಕೆ ಒಂದು ಚಿಟಿಕೆ ಮಾತ್ರ ಹಾಕ್ತೀವಿ. ಬಾಯ್ಲರ್‌ಗೆ ಸಾಫ್ಟನರ್ ಇದೆ, ಅದರ ಉಪ್ಪುನೀರೂ ಇದೇ ಚರಂಡಿಗೆ ಬರುತ್ತೆ. ಯಾವ ಲೆಕ್ಕ ಸರಿ?»

ಅಣ್ಣ, ನಿಮ್ಮ ಹುಡುಗ ಶನಿವಾರ ತಂದುಕೊಟ್ಟ ಕ್ಯಾನಿನ ನೀರನ್ನು ನಾನೂ ಮಾಡಿ ನೋಡಿದೆ. ಸಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಲೀಟರಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಅನ್ನುವ ಲೆಕ್ಕ. ಗುಟ್ಟು ಆ ಚಿಟಿಕೆಯಲ್ಲೇ ಇದೆ.

ಮೊದಲು ಕ್ಲೋರೈಡ್ ನೋಡಿದೆ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್‌ನಲ್ಲಿ ಲೀಟರಿಗೆ 1400 ಮಿಲಿಗ್ರಾಂ ಬಂತು. ಹಾಲಿನ ಘಟಕದ ನೀರಿಗೆ ಇದು ಜಾಸ್ತಿ, ಸಾಫ್ಟನರ್ ಉಪ್ಪೇ ಇರಬೇಕು. ನಾವು ತೆಗೆದುಕೊಳ್ಳುವ 20 ಮಿಲಿ ನೀರಿನಲ್ಲಿ ಅದು 28 ಮಿಲಿಗ್ರಾಂ ಆಯಿತು. ಬಿಸಿ ಆಸಿಡ್‌ನಲ್ಲಿ ಡೈಕ್ರೋಮೇಟ್ ಹಾಲಿನ ಕೊಳೆಯನ್ನು ಮಾತ್ರ ಸುಡುವುದಿಲ್ಲ, ಕ್ಲೋರೈಡನ್ನೂ ಕ್ಲೋರಿನ್ ಮಾಡಿಬಿಡುತ್ತದೆ. ಆ ಖರ್ಚೂ ಸಿಒಡಿ ಲೆಕ್ಕಕ್ಕೆ ಸೇರುತ್ತದೆ. ಮರ್ಕ್ಯುರಿಕ್ ಸಲ್ಫೇಟ್ ಅನ್ನುವ ಪಾದರಸದ ಉಪ್ಪು ಕ್ಲೋರೈಡನ್ನು ಕಟ್ಟಿಹಾಕುತ್ತದೆ, ಆದರೆ ತೂಕದಲ್ಲಿ ಕ್ಲೋರೈಡಿನ ಹತ್ತು ಪಟ್ಟು ಬೇಕು. 28 ಮಿಲಿಗ್ರಾಂಗೆ 280 ಮಿಲಿಗ್ರಾಂ. ನಿಮ್ಮ ಹುಡುಗನ ಕೈಯಲ್ಲೇ ಒಂದು ಚಿಟಿಕೆ ಹಾಕಿಸಿ ತೂಗಿದೆ, ಸುಮಾರು 100 ಮಿಲಿಗ್ರಾಂ ಇತ್ತು. ಅದು 10 ಮಿಲಿಗ್ರಾಂ ಕ್ಲೋರೈಡನ್ನು ಕಟ್ಟುತ್ತದೆ. ಉಳಿದ 18 ಮಿಲಿಗ್ರಾಂ ಕ್ಲೋರೈಡ್ ಡೈಕ್ರೋಮೇಟ್ ಮುಂದೆ ಬಿಡುವಾಗಿ ನಿಂತಿರುತ್ತದೆ.

ಎರಡು ಫ್ಲಾಸ್ಕ್ ಇಟ್ಟೆ, ಒಂದಕ್ಕೆ ನಿಮ್ಮ ಚಿಟಿಕೆ, ಇನ್ನೊಂದಕ್ಕೆ ತೂಗಿದ 0.4 ಗ್ರಾಂ. ಉಳಿದದ್ದೆಲ್ಲ ಒಂದೇ: 20 ಮಿಲಿ ನೀರು, 0.25 ನಾರ್ಮಲ್ ಡೈಕ್ರೋಮೇಟ್ 10 ಮಿಲಿ, ಸಿಲ್ವರ್ ಸಲ್ಫೇಟ್ ಕರಗಿಸಿದ ಸಲ್ಫ್ಯೂರಿಕ್ ಆಸಿಡ್ 30 ಮಿಲಿ, ಎರಡು ಗಂಟೆ ರಿಫ್ಲಕ್ಸ್. ಜೊತೆಗೆ ಡಿಸ್ಟಿಲ್ಡ್ ವಾಟರ್ ಹಾಕಿದ ಬ್ಲ್ಯಾಂಕ್ ಒಂದು. ತಣ್ಣಗಾದ ಮೇಲೆ ನೀರು ಸೇರಿಸಿ, ಫೆರೋಯಿನ್ ಹಾಕಿ, ಫೆರಸ್ ಅಮೋನಿಯಂ ಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದೆ. ಅದರ ಬಲ ಆ ದಿನ 0.098 ನಾರ್ಮಲ್ ಇತ್ತು. ಇದನ್ನು ದಿನಾ ನೋಡಲೇಬೇಕು, ಯಾಕೆಂದರೆ ಬಾಟಲಿಯಲ್ಲೇ ಅದು ನಿಧಾನವಾಗಿ ಇಳಿಯುತ್ತದೆ. ಬ್ಯುರೆಟ್ ಓದಿದ್ದು: ಬ್ಲ್ಯಾಂಕ್ 25.2, ಚಿಟಿಕೆಯದ್ದು 17.9, ತೂಗಿದ್ದು 21.4.

```
ಚಿಟಿಕೆ:   (25.2 - 17.9) × 0.098 × 8000 / 20 = 286
0.4 ಗ್ರಾಂ: (25.2 - 21.4) × 0.098 × 8000 / 20 = 149
```

ನಿಮ್ಮ 286 ಹಾಗೇ ಮತ್ತೆ ಬಂತು, ಲ್ಯಾಬಿನದ್ದೂ ಬಂತು. ಲೆಕ್ಕದಲ್ಲಿ ನಿಮ್ಮ ತಪ್ಪಿಲ್ಲ. ಲೆಕ್ಕದೊಳಗೆ ಉಪ್ಪು ಸೇರಿಕೊಂಡಿತ್ತು. ನದಿ, ಕಾಲುವೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ 250 ಅಲ್ವಾ? ಒಂದು ಚಿಟಿಕೆ ನಿಮ್ಮನ್ನು ಗೆರೆಯ ಆಚೆ ತಳ್ಳಿತ್ತು.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದು: «ಕ್ಲೋರೈಡನ್ನು 0.226ರಿಂದ ಗುಣಿಸಿ ಸಿಒಡಿಯಲ್ಲಿ ಕಳೆದರೆ ಆಯಿತು, ಪಾದರಸವೇ ಬೇಡ.» ಸಂಖ್ಯೆ ಸರಿ ಮೇಷ್ಟ್ರೇ, ಕ್ಲೋರೈಡ್ ಪೂರ್ತಿ ಉರಿದರೆ ಅಷ್ಟೇ ಆಮ್ಲಜನಕ ಬೇಕು. ಆದರೆ ಇಲ್ಲಿ 1400 × 0.226 ಅಂದರೆ 316. 286ರಲ್ಲಿ 316 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ! ಚಿಟಿಕೆ ಕಟ್ಟಿದ್ದನ್ನು ಬಿಟ್ಟು ಉಳಿದ 18 ಮಿಲಿಗ್ರಾಂ ಲೆಕ್ಕ ಹಾಕಿದರೂ 203 ಬರುತ್ತದೆ, ನಿಜವಾಗಿ ಹೆಚ್ಚು ಬಂದಿದ್ದು 137 ಮಾತ್ರ. ಆಸಿಡ್‌ನಲ್ಲಿರುವ ಬೆಳ್ಳಿಯೂ ಸ್ವಲ್ಪ ಕ್ಲೋರೈಡನ್ನು ಹಿಡಿದು ಬಿಳಿ ಗಷ್ಟಾಗಿ ಕೂರಿಸುತ್ತದೆ. ಎಷ್ಟು ಕೂರುತ್ತದೆ, ಎಷ್ಟು ಉರಿಯುತ್ತದೆ ಅನ್ನುವುದು ಒಂದೊಂದು ಸಲ ಒಂದೊಂದು ಥರ. ಅದಕ್ಕೇ ಕಳೆಯುವ ಲೆಕ್ಕ ನಿಲ್ಲುವುದಿಲ್ಲ.

ಪಾದರಸದ ಬದಲು ಸಿಲ್ವರ್ ಸಲ್ಫೇಟನ್ನೇ ಜಾಸ್ತಿ ಹಾಕಿ ಅಂದವರಿಗೂ ಇದೇ ಮಾತು. ಬೆಳ್ಳಿ ಅಲ್ಲಿರುವುದು ಅಸಿಟಿಕ್ ಆಸಿಡ್‌ನಂಥ ನೇರ ಸರಪಳಿಯ, ಸುಲಭಕ್ಕೆ ಜಗ್ಗದ ವಸ್ತುಗಳು ಉರಿಯಲಿ ಅಂತ. ಹುಳಿಬಂದ ಹಾಲಿನ ನೀರಿನಲ್ಲಿ ಅಂಥವು ಇರುತ್ತವೆ. ಬೆಳ್ಳಿ ಕ್ಲೋರೈಡಿಗೆ ಸಿಕ್ಕಿಕೊಂಡರೆ ಅವು ಅರ್ಧಂಬರ್ಧ ಉರಿದು ಸಿಒಡಿ ಕಡಿಮೆ ತೋರುತ್ತದೆ. ಅಂದರೆ ಒಂದೇ ಉಪ್ಪು ಒಂದು ಕಡೆ ಏರಿಸುತ್ತದೆ, ಇನ್ನೊಂದು ಕಡೆ ಇಳಿಸುತ್ತದೆ.

  

ಈಗ ಕೆಲಸದ ಕ್ರಮ. ಪಾದರಸದ ಉಪ್ಪು ಮೊದಲು, ಆಮೇಲೆ ನೀರು, ಚೆನ್ನಾಗಿ ತಿರುಗಿಸಿ, ತಣ್ಣಗಿಟ್ಟುಕೊಂಡು ಆಸಿಡ್ ಸ್ವಲ್ಪ ಮಾತ್ರ. ಅದು ಕರಗಿದ ಮೇಲೆಯೇ ಡೈಕ್ರೋಮೇಟ್, ಕೊನೆಗೆ ಕಂಡೆನ್ಸರ್ ಮೂಲಕ ಉಳಿದ ಆಸಿಡ್. ಹಿಂದೆ ನಾನೊಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದಾಗ ಇದನ್ನು ಹಿಂದುಮುಂದು ಮಾಡಿದ್ದೆ. ಡೈಕ್ರೋಮೇಟ್, ಆಸಿಡ್ ಎಲ್ಲ ಹಾಕಿ ಕೊನೆಗೆ ಪಾದರಸ ಸುರಿದೆ. ಕಂಡೆನ್ಸರ್ ಮೇಲಿನಿಂದ ಬ್ಲೀಚಿಂಗ್ ಪೌಡರಿನಂಥ ವಾಸನೆ ಬಂತು. ಆ ವಾಸನೆ ಬಂದರೆ ಕ್ಲೋರೈಡ್ ಆಗಲೇ ಉರಿದಿದೆ ಅಂತ ತಿಳಿಯಿರಿ, ಆ ಫ್ಲಾಸ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಸಿಡ್ ಬಿದ್ದ ಕೂಡಲೇ ಮೊಸರು ಒಡೆದಂತೆ ಬಿಳಿ ಗಷ್ಟು ಕಂಡರೂ ಪಾದರಸ ಸಾಲದು ಅಂತಲೇ ಅನುಮಾನಿಸಿ. ಕುದಿಯುವಾಗ ಬಣ್ಣ ಪೂರ್ತಿ ಹಸಿರಾದರೆ ಅದು ಬೇರೆ ತೊಂದರೆ. ಡೈಕ್ರೋಮೇಟ್ ಮುಗಿದಿದೆ, ನೀರನ್ನು ತೆಳ್ಳಗೆ ಮಾಡಿ ಮತ್ತೆ ಇಡಬೇಕು.

0.4 ಗ್ರಾಂ ಸಾಕಾಗುವುದು ಲೀಟರಿಗೆ 2000 ಕ್ಲೋರೈಡ್‌ವರೆಗೆ ಮಾತ್ರ. ಸಾಫ್ಟನರ್ ತೊಳೆಯುವ ದಿನ ನಿಮ್ಮದು ಅದನ್ನೂ ದಾಟಬಹುದು. ಆಗ 10 ಮಿಲಿ ನೀರಿಗೆ 10 ಮಿಲಿ ಡಿಸ್ಟಿಲ್ಡ್ ವಾಟರ್ ಸೇರಿಸಿ, ಲೆಕ್ಕದಲ್ಲಿ 20ರ ಜಾಗಕ್ಕೆ 10 ಹಾಕಿ. ಅದಕ್ಕೂ ಒಂದು ಮಿತಿ ಇದೆ. ಹೀಗೆ ಮಾಡಿದಾಗ ಬ್ಯುರೆಟ್ಟಿನ 0.1 ಮಿಲಿ ತಪ್ಪು ಸುಮಾರು 4ರ ಬದಲು 8 ಆಗುತ್ತದೆ. ಉಪ್ಪು ತುಂಬಾ, ಕೊಳೆ ಕಡಿಮೆ ಅಂದಾಗ ಬಂದ ಸಂಖ್ಯೆಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ನಿಮ್ಮ ಕೈ ಸರಿಯಿದೆಯೇ ಅಂತ ನೋಡಲು ಸುಲಭದ ದಾರಿಯಿದೆ. ಶುದ್ಧ ಸೋಡಿಯಂ ಕ್ಲೋರೈಡ್ 2.31 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿದರೆ ಸರಿಯಾಗಿ 1400 ಕ್ಲೋರೈಡ್. ಅದನ್ನೇ ಮಾದರಿಯಂತೆ ಇಡಿ, ಸಿಒಡಿ ಸೊನ್ನೆಯ ಹತ್ತಿರ ಬರಬೇಕು. ಇನ್ನೊಂದರಲ್ಲಿ ಅದೇ ಉಪ್ಪಿನ ಜೊತೆ ಲೀಟರಿಗೆ 425 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್, ಅದು 500 ತೋರಬೇಕು. ನನ್ನದು ಉಪ್ಪಿಗೇ 12 ತೋರಿಸಿತು. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಹಾಗಾಗಿ ನಿಮ್ಮ 149ರಲ್ಲಿ ಹತ್ತು-ಹನ್ನೆರಡು ಉಪ್ಪಿನದೇ ಇರಬಹುದು.

ಪಾದರಸ ವಿಷ ಅನ್ನುವ ನಿಮ್ಮ ಭಯ ನೂರಕ್ಕೆ ನೂರು ಸರಿ. ಟೈಟ್ರೇಷನ್ ಮುಗಿದ ನೀರನ್ನು ಸಿಂಕಿಗೂ ಸುರಿಯಬೇಡಿ, ನಾಲೆಗೂ ಬಿಡಬೇಡಿ. ಅದರಲ್ಲಿ ಪಾದರಸ, ಕ್ರೋಮಿಯಂ, ಬೆಳ್ಳಿ ಮೂರೂ ಇವೆ. ಬೇರೆ ಕ್ಯಾನಿನಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಇರುವವರಿಗೇ ಕೊಡಿ. ಪಾದರಸ ಉಳಿಸಬೇಕೆಂದರೆ ಚಿಟಿಕೆ ಸಣ್ಣದು ಮಾಡಬೇಡಿ, ಸಾಫ್ಟನರ್ ಉಪ್ಪುನೀರಿಗೆ ಬೇರೆ ತೊಟ್ಟಿ ಕಟ್ಟಿಸಿ.

ಇನ್ನೊಂದು ವಿಷಯ ನೀವೇ ಹೇಳಬೇಕು. ಲ್ಯಾಬಿಗೆ ಕೊಟ್ಟ ನೀರು ಸಾಫ್ಟನರ್ ತೊಳೆದ ದಿನದ್ದೋ, ಅಲ್ಲವೋ? ಎರಡು ದಿನದ ನೀರು ಬೇರೆ ಬೇರೆ ಬಾಟಲಿಯಲ್ಲಿ ಕಳಿಸಿ. ಕೆಡದಿರಲು ಸಲ್ಫ್ಯೂರಿಕ್ ಆಸಿಡ್ ಹಾಕಿ, ಹೈಡ್ರೋಕ್ಲೋರಿಕ್ ಬೇಡವೇ ಬೇಡ. ಅದರಲ್ಲೇ ಕ್ಲೋರೈಡ್ ಇದೆ.